ಹಾಲಿನ ಕ್ಯಾಲೆಂಡರ್ ಲೆಕ್ಕಕ್ಕೆ ಸ್ಪ್ರೆಡ್‌ಶೀಟ್: ಎರಡು ವರ್ಷ ಬಳಸಿದ ಮೇಲೆ

ಗೋಡೆ ಕ್ಯಾಲೆಂಡರಿನಲ್ಲಿ ಹಾಲಿನ ಗುರುತು ಹಾಕಿ, ತಿಂಗಳ ಕೊನೆಗೆ ಬೆರಳು ಇಟ್ಟು ಎಣಿಸುತ್ತಿದ್ದೆ. ಎರಡು ಸಲ ಎಣಿಸಿದರೆ ಎರಡು ಉತ್ತರ. ಅದು ಸಾಕಾಗಿ ಫೋನಿನ ಸ್ಪ್ರೆಡ್‌ಶೀಟಿಗೆ ಬಂದು ಎರಡು ವರ್ಷ ದಾಟಿತು. ಕ್ಯಾಲೆಂಡರ್ ಮಾತ್ರ ಬಿಟ್ಟಿಲ್ಲ. ಹಾಲಿನ ಪಾತ್ರೆ ಕೈಯಲ್ಲಿ ಇರುವಾಗ ಫೋನ್ ತೆಗೆದು ಬರೆಯುವವರು ಯಾರು? ಹಾಗಾಗಿ ಬರೆಯುವುದು ಗೋಡೆಯ ಮೇಲೆ, ಕೂಡುವುದು ಫೋನಿನಲ್ಲಿ.

ಮೂರೇ ಕಾಲಂ: A ತಾರೀಕು, B ಲೀಟರ್, C ಆ ದಿನದ ದರ. 30 ದಿನದ ತಿಂಗಳಿಗೆ ಕೆಳಗಿನವು ಸಾಕು, 31 ಇದ್ದರೆ ಕೊನೆಯ ಸಾಲು 32 ಮಾಡಿಕೊಳ್ಳಿ.

```
=COUNTIF(B2:B31,">0")
=SUM(B2:B31)
=SUMPRODUCT(B2:B31,C2:C31)
=COUNTBLANK(B2:B31)
```

ಬಂದ ದಿನ, ಒಟ್ಟು ಲೀಟರ್, ಕೊಡಬೇಕಾದ ಹಣ, ಕೊನೆಯದು ಖಾಲಿ ಮನೆಗಳ ಸಂಖ್ಯೆ. ಈ ಕೊನೆಯದನ್ನು ಸೇರಿಸಿದ್ದು ತುಂಬಾ ತಡವಾಗಿ, ಆದರೆ ಈಗ ನಾನು ಮೊದಲು ನೋಡುವುದೇ ಅದನ್ನು. ಹಾಲು ಬರದ ದಿನ 0 ಬರೆಯಬೇಕು, ಖಾಲಿ ಬಿಡಬಾರದು. ಖಾಲಿ ಅಂದರೆ ಹಾಲು ಬರಲಿಲ್ಲವೋ, ಬರೆಯೋಕೆ ಮರೆತಿರೋ ಅಂತ ಯಾರಿಗೂ ಹೇಳೋಕಾಗಲ್ಲ, ಅಲ್ವಾ?

ಪೇಪರಿಗೂ ಇದೇ ಹಾಳೆ ನಡೆಯುತ್ತದೆ. ಬಂದರೆ 1, ಇಲ್ಲದಿದ್ದರೆ 0. ಭಾನುವಾರದ ದರ ಬೇರೆ ಇದ್ದರೆ ಆ ಸಾಲುಗಳಲ್ಲಿ C ಬದಲಿಸಿದರೆ ಮುಗಿಯಿತು.

ಎಡವಿದ್ದು ಎಲ್ಲೆಲ್ಲಿ ಅಂತ ಹೇಳುತ್ತೇನೆ. ಕ್ಯಾಲೆಂಡರಿನಲ್ಲಿ ಅರ್ಧ ಲೀಟರಿಗೆ 1/2 ಅಂತ ಬರೆದಿದ್ದೆವು. 2025ರಲ್ಲಿ ಒಂದು ಸಲ ಹಾಗೇ ಟೈಪ್ ಮಾಡಿದೆ. ಸ್ಪ್ರೆಡ್‌ಶೀಟ್ ಅದನ್ನು ಫೆಬ್ರವರಿ 1 ಅಂತ ತಿಳಿಯಿತು. ತಾರೀಕು ಒಳಗಡೆ ಒಂದು ಸಂಖ್ಯೆಯಾಗಿ ಇರುತ್ತದೆ, ಆ ದಿನದ್ದು 45689. ದರ 50ರಿಂದ ಗುಣಿಸಿ ಒಟ್ಟು 22 ಲಕ್ಷ ದಾಟಿತ್ತು! ಇಂಥ ತಪ್ಪು ಕಣ್ಣಿಗೆ ಹೊಡೆಯುತ್ತದೆ, ಬಿಡಿ. "ಅರ್ಧ" ಅಂತ ಅಕ್ಷರದಲ್ಲಿ ಬರೆದರೆ ಇನ್ನೂ ಕಷ್ಟ, ಅದನ್ನು ಸೊನ್ನೆ ಅಂತ ಹಿಡಿದು ಸುಮ್ನೆ ಇದ್ದುಬಿಡುತ್ತದೆ. ಖಾಲಿ ಮನೆಗಳ ಲೆಕ್ಕದಲ್ಲೂ ಸಿಗುವುದಿಲ್ಲ. 0.5 ಅಂತಲೇ ಹಾಕಿ.

ಇನ್ನೊಂದು, ಕ್ಯಾಲೆಂಡರಿನಿಂದ ಇಳಿಸುವಾಗ ತಾರೀಕು ಓದುತ್ತಾ ಇಳಿಸಿ, ಮನೆಗಳ ಸಾಲು ನೋಡಿಕೊಂಡು ಅಲ್ಲ. ಕೆಲವು ಕ್ಯಾಲೆಂಡರಿನಲ್ಲಿ ವಾರ ಮೇಲಿಂದ ಕೆಳಗೆ ಹೋಗುತ್ತದೆ, ಕೆಲವದರಲ್ಲಿ ಜಾಗ ಸಾಲದೆ 30, 31 ಹೋಗಿ ಮೊದಲ ಸಾಲಿನ ಖಾಲಿ ಮನೆಯಲ್ಲಿ ಕೂತಿರುತ್ತವೆ.

ಈ ಹಾಳೆ ನಿಜವಾಗಿ ಕೆಲಸಕ್ಕೆ ಬಂದ ತಿಂಗಳು ಒಂದಿದೆ. 30 ದಿನ, ದಿನಕ್ಕೆ 1 ಲೀಟರ್. 7, 8, 9ರಂದು ನಾವು ಊರಲ್ಲಿರಲಿಲ್ಲ, ಹಾಲು ಬೇಡ ಅಂದಿದ್ದೆವು. 14ಕ್ಕೆ ನೆಂಟರು ಬಂದು 2 ಲೀಟರ್. 21, 22ರಂದು ಅರ್ಧರ್ಧ. 16ರಿಂದ ದರ 50 ಇದ್ದದ್ದು 52 ಆಯಿತು. ನನ್ನ ಹಾಳೆ ಹೇಳಿದ್ದು 26 ದಿನ, 26 ಲೀಟರ್, 1326. ಹಾಲಿನವರ ಪುಸ್ತಕದಲ್ಲಿ 27 ದಿನ, 27 ಲೀಟರ್, 1404. ವ್ಯತ್ಯಾಸ 78.

78 ಅಂದರೆ 52ರ ಲೆಕ್ಕದಲ್ಲಿ ಸರಿಯಾಗಿ ಒಂದೂವರೆ ಲೀಟರ್. ಜಾಸ್ತಿ ಬರೆದುಕೊಂಡಿದ್ದಾರೆ ಅಂತ ಒಳಗೊಳಗೇ ಸಿಟ್ಟು ಬಂತು. ಆದರೆ ಲೀಟರಿನ ವ್ಯತ್ಯಾಸ ಇದ್ದದ್ದು ಒಂದೇ. ಒಂದೂವರೆ ಎಲ್ಲಿಂದ ಬಂತು? ಖಾಲಿ ಮನೆ ನೋಡಿದರೆ 17ನೇ ತಾರೀಕು. ಅಮ್ಮನನ್ನು ಕೇಳಿದೆ. "ಅವತ್ತು ನಾನೇ ತಗೊಂಡಿದ್ದೆ ಕಣೋ, ಪೆನ್ನು ಸಿಗಲಿಲ್ಲ" ಅಂದರು. ಅಲ್ಲಿಗೆ 52 ನನ್ನ ತಪ್ಪು, ನನ್ನ ಮೊತ್ತ 1378. ಉಳಿದ 26? ಮೊದಲ 15 ದಿನದಲ್ಲಿ ಬಂದದ್ದು 13 ಲೀಟರ್, ಲೀಟರಿಗೆ 2 ಜಾಸ್ತಿ ಹಾಕಿದರೆ 26. ಅವರು ಹೊಸ ದರವನ್ನು ಇಡೀ ತಿಂಗಳಿಗೆ ಹಾಕಿಬಿಟ್ಟಿದ್ದರು.

ಅಂದಿನಿಂದ ಹಣದ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ಮೊದಲು ದಿನ ತಾಳೆ ನೋಡುತ್ತೇವೆ, ಆಮೇಲೆ ಲೀಟರ್. ಎರಡೂ ಸರಿ ಇದ್ದು ಹಣ ಮಾತ್ರ ಬೇರೆ ಬಂದರೆ ಅದು ದರದ ಗೊಂದಲ ಅಥವಾ ಕೂಡುವುದರಲ್ಲಿ ಆದ ತಪ್ಪು.

ಹಾಳೆಯ ಮಿತಿಯೂ ಇದೆ. 14ರಂದು ಬಂದದ್ದು 2 ಲೀಟರೋ ಒಂದೂವರೆಯೋ ಅನ್ನೋ ಜಗಳವನ್ನು ಅದು ಬಿಡಿಸುವುದಿಲ್ಲ. ಅದಕ್ಕೆ ಅವತ್ತೇ ಬರೆದ ಗುರುತು ಬೇಕು. ಪೆನ್ನನ್ನು ಈಗ ದಾರ ಕಟ್ಟಿ ಕ್ಯಾಲೆಂಡರಿನ ಮೊಳೆಗೇ ನೇತುಹಾಕಿದ್ದೇನೆ. ಆ 26ನ್ನು ಹಾಲಿನವರು ಮುಂದಿನ ತಿಂಗಳ ಬಿಲ್ಲಿನಲ್ಲಿ ಕಳೆದರು.