1.61% ಒಂದು ಕಡೆ, 182 ಪಿಪ್ ಇನ್ನೊಂದು ಕಡೆ: ಯಾವುದು ಅಗ್ಗ?

ಒಂದೇ ಕರೆನ್ಸಿ ಆಪ್ಷನ್‌ಗೆ ಇಬ್ಬರು ಡೀಲರ್‌ಗಳಿಂದ ದರ ತರಿಸಿದ್ದೆ. ಒಬ್ಬರು ಶೇಕಡಾ ಲೆಕ್ಕದಲ್ಲಿ ಕೊಟ್ಟರು, ಇನ್ನೊಬ್ಬರು ಪಿಪ್ ಲೆಕ್ಕದಲ್ಲಿ. ಮೊದಲು ನೋಡಿದಾಗ ಮೊದಲನೆಯವರು ತುಂಬಾ ಅಗ್ಗ ಅನ್ನಿಸಿದರು, ಆಮೇಲೆ ಸ್ವಲ್ಪ ಅಗ್ಗ ಅನ್ನಿಸಿದರು, ಕೊನೆಗೆ ನೋಡಿದರೆ ಅವರೇ ದುಬಾರಿ. ದರ ಕೊಟ್ಟವರು ಯಾರೂ ಮೋಸ ಮಾಡಿರಲಿಲ್ಲ. ನನಗೆ ಓದಲು ಬಂದಿರಲಿಲ್ಲ ಅಷ್ಟೇ.

ಹಿನ್ನೆಲೆ ಇಷ್ಟು. ನಮ್ಮ ಕಂಪನಿಯ ಲೆಕ್ಕವೆಲ್ಲ ಡಾಲರ್‌ನಲ್ಲಿ. ಮೂರು ತಿಂಗಳ ನಂತರ ಒಂದು ಯಂತ್ರಕ್ಕೆ 10 ಲಕ್ಷ ಯೂರೋ ಕಟ್ಟಬೇಕಾಗಬಹುದು. 'ಬಹುದು' ಅನ್ನೋದೇ ಇಲ್ಲಿ ಮುಖ್ಯ, ಯಾಕೆಂದರೆ ಆರ್ಡರ್ ಇನ್ನೂ ಖಚಿತ ಆಗಿರಲಿಲ್ಲ. ಖಚಿತ ಆಗಿದ್ದರೆ ಇವತ್ತೇ ದರ ಗೊತ್ತುಮಾಡಿ ಆಮೇಲೆ ಕೊಳ್ಳುವ ಫಾರ್ವರ್ಡ್ ಮಾಡಿ ಮುಗಿಸುತ್ತಿದ್ದೆ, ಆಪ್ಷನ್‌ಗೆ ಕೊಡುವ ಬೆಲೆ, ಅಂದರೆ ಪ್ರೀಮಿಯಂ ಗೋಜೇ ಇರುತ್ತಿರಲಿಲ್ಲ. ಆರ್ಡರ್ ಬಿದ್ದುಹೋದರೂ ಯೂರೋ ಕೊಳ್ಳಲೇಬೇಕು ಅನ್ನೋ ಕಟ್ಟುಪಾಡು ಬೇಡ ಅಂತ ಯೂರೋ ಕಾಲ್ ಕೇಳಿದೆ, ಅಂದರೆ ಗೊತ್ತಾದ ದರಕ್ಕೆ ಯೂರೋ ಕೊಳ್ಳುವ ಹಕ್ಕು ಮಾತ್ರ. ಆ ಗೊತ್ತಾದ ದರ, ಅಂದರೆ ಸ್ಟ್ರೈಕ್, 1.1055. ಅದು ಆಗಿನ ಮೂರು ತಿಂಗಳ ಫಾರ್ವರ್ಡ್ ದರ.

ಬಂದ ದರಗಳು ಹೀಗಿದ್ದವು:

```
A: EUR call / USD put  3M  K 1.1055  EUR 1,000,000
   1.61% EUR    spot ref 1.1000   delta 49
B: EUR call / USD put  3M  K 1.1055  EUR 1,000,000
   182 USD pips spot ref 1.1020   delta 52
```

A ಬಂದ ಹತ್ತು ನಿಮಿಷಕ್ಕೆ B ಬಂತು.

ನನ್ನ ಮೊದಲ ಲೆಕ್ಕ ಪೂರ್ತಿ ತಪ್ಪು. 10 ಲಕ್ಷದ 1.61% ಅಂದರೆ 16,100. ಇನ್ನೊಂದು ಕಡೆ ಒಂದು ಪಿಪ್ ಅಂದರೆ ಯೂರೋಗೆ 0.0001 ಡಾಲರ್, 10 ಲಕ್ಷ ಯೂರೋಗೆ 100 ಡಾಲರ್, ಹಾಗಾಗಿ 182 ಪಿಪ್ ಅಂದರೆ 18,200. 'A ಹತ್ತಿರ ಎರಡು ಸಾವಿರ ಡಾಲರ್ ಉಳಿಯುತ್ತೆ' ಅಂತ ಪಕ್ಕದ ಮೇಜಿನವರಿಗೆ ಹೇಳಿಯೂ ಬಿಟ್ಟೆ. ಅವರು ಇದೇ ಕೆಲಸದಲ್ಲಿ ನನಗಿಂತ ಹಳಬರು. ತಲೆ ಎತ್ತದೆ ಒಂದೇ ಮಾತು ಕೇಳಿದರು: "16,100 ಏನು?"

ಯೂರೋ. ಶೇಕಡಾದ ಪಕ್ಕದಲ್ಲಿ EUR ಅಂತ ಬರೆದಿದೆಯಲ್ಲ, ಅದು ಸುಮ್ನೆ ಹಾಕಿದ್ದಲ್ಲ. ಶೇಕಡಾ ಯೂರೋ ಮೊತ್ತದ ಮೇಲೆ, ಕಟ್ಟುವುದೂ ಯೂರೋದಲ್ಲಿ. ಡಾಲರ್‌ಗೆ ತರಬೇಕಾದರೆ ಆ ದರದ ಜೊತೆ ಕೊಟ್ಟ ಸ್ಪಾಟ್‌ನಿಂದಲೇ, ಅಂದರೆ ಆ ಹೊತ್ತಿನ ಮಾರುಕಟ್ಟೆ ವಿನಿಮಯ ದರದಿಂದಲೇ ಗುಣಿಸಬೇಕು. 16,100 × 1.1000 = 17,710 ಡಾಲರ್, ಅಂದರೆ 177 ಪಿಪ್. ಎರಡು ಸಾವಿರದ ಉಳಿತಾಯ 490 ಡಾಲರ್‌ಗೆ ಇಳಿಯಿತು.

ಸೂತ್ರವಾಗಿ ಬೇಕಾದರೆ:

```
USD per EUR = (% EUR) × spot
USD per EUR = (% USD) × strike
```

ಎರಡನೇ ಸಾಲು ಯಾಕೆ ಬೇಕು ಅಂದರೆ, ಕೆಲವರು ಡಾಲರ್ ಮೊತ್ತದ ಶೇಕಡಾ ಕೊಡುತ್ತಾರೆ. ಆಪ್ಷನ್‌ನ ಡಾಲರ್ ಮೊತ್ತ ಅಂದರೆ ಯೂರೋ ಮೊತ್ತ ಇಂಟು ಸ್ಟ್ರೈಕ್, ಸ್ಪಾಟ್ ಅಲ್ಲ. ಸ್ಟ್ರೈಕ್ ಸ್ಪಾಟ್ ಹತ್ತಿರವೇ ಇದ್ದರೆ ಎರಡು ಶೇಕಡಾಗಳೂ ಹೆಚ್ಚುಕಡಿಮೆ ಒಂದೇ ಬರುತ್ತವೆ, ಅದಕ್ಕೇ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಸ್ಟ್ರೈಕ್ ದೂರ ಹೋದಷ್ಟೂ ಬೇರೆಯಾಗುತ್ತಾ ಹೋಗುತ್ತವೆ.

ಸರಿ, 490 ಆದರೂ ಉಳಿಯಿತಲ್ಲ ಅಂತ A ಡೀಲರ್‌ಗೆ ಫೋನ್ ಮಾಡಿ 1.61ಕ್ಕೆ ಮಾಡಿಬಿಡಿ ಅಂದೆ. "ಸರ್, ಸ್ಪಾಟ್ 1.1020 ಆಗಿದೆ, ಈಗ 1.70" ಅಂದರು. ಹತ್ತು ನಿಮಿಷದಲ್ಲಿ ಮಾತು ಬದಲಾಯಿಸಿದರು ಅಂತ ನನಗೆ ಸಿಟ್ಟೇ ಬಂತು. ಆದರೆ ಅವರ ಮೊದಲ ದರದ ಸಾಲಿನಲ್ಲೇ ಈ 1.70 ಕೂತಿತ್ತು, ನಾನು ಓದದೆ ಬಿಟ್ಟಿದ್ದ ಎರಡು ಅಂಕಿಗಳಲ್ಲಿ: spot ref ಮತ್ತು delta.

ಡೆಲ್ಟಾದ ಮೊದಲ ಅರ್ಥ ಇಷ್ಟೇ. ಸ್ಪಾಟ್ ಒಂದು ಪಿಪ್ ಅಲ್ಲಾಡಿದರೆ ಆಪ್ಷನ್ ಬೆಲೆ ಎಷ್ಟು ಪಿಪ್ ಅಲ್ಲಾಡುತ್ತದೆ ಅನ್ನೋದು. ಡೆಲ್ಟಾ 50ರ ಆಸುಪಾಸು ಅಂದರೆ ಅರ್ಧ ಪಿಪ್. ಸ್ಪಾಟ್ 20 ಪಿಪ್ ಮೇಲೆ ಹೋಗಿತ್ತು, ಹಾಗಾಗಿ ಬೆಲೆ ಸುಮಾರು 10 ಪಿಪ್ ಮೇಲೆ. 177 ಹೋಗಿ 187. ಅದನ್ನು 1.1020ರಿಂದ ಭಾಗಿಸಿದರೆ 1.70%. ಡೀಲರ್ ಏನನ್ನೂ ಬದಲಾಯಿಸಿರಲಿಲ್ಲ.

ಈಗ ಹೋಲಿಕೆ ಮತ್ತೆ ಮಾಡಿ. ಒಂದೇ ಸ್ಪಾಟ್‌ನಲ್ಲಿ ನೋಡಿದರೆ A 187, B 182. ಬೇಕಾದರೆ B ದರವನ್ನು 1.1000ಕ್ಕೆ ಇಳಿಸಿ ನೋಡಿ, 182 ಕಳೆ 10, 172. ಆ ಕಡೆ A 177. ಯಾವ ಕಡೆಯಿಂದ ನೋಡಿದರೂ B ಐದು ಪಿಪ್, ಅಂದರೆ 500 ಡಾಲರ್ ಅಗ್ಗ. ಸ್ಪಾಟ್ ರೆಫರೆನ್ಸ್ ಬರೆಯದ ಆಪ್ಷನ್ ದರ ನನ್ನ ಮಟ್ಟಿಗೆ ಈಗ ದರವೇ ಅಲ್ಲ. ಇಬ್ಬರನ್ನೂ ಒಂದೇ ಸ್ಪಾಟ್ ಹೇಳಿ ಕೇಳುತ್ತೇನೆ. ಆಗದಿದ್ದರೆ ಹೀಗೆ ಡೆಲ್ಟಾದಿಂದ ಸರಿಮಾಡುತ್ತೇನೆ. 20-30 ಪಿಪ್ ಅಂತರಕ್ಕೆ ಇದು ಸಾಕು, ಅದಕ್ಕಿಂತ ಜಾಸ್ತಿ ಆದರೆ ಡೆಲ್ಟಾವೇ ಬದಲಾಗಿಬಿಟ್ಟಿರುತ್ತದೆ, ಹೊಸ ದರ ಕೇಳುವುದೇ ಸರಿ.

ಇನ್ನೊಂದು ಅಂಕಿ ನನ್ನನ್ನು ಕಾಡುತ್ತಿತ್ತು. ಒಂದೇ ಆಪ್ಷನ್, ಒಬ್ಬರು ಡೆಲ್ಟಾ 49 ಅನ್ನುತ್ತಾರೆ, ಇನ್ನೊಬ್ಬರು 52. ಇದರಲ್ಲಿ ಒಂದೂವರೆಯಷ್ಟು ಸ್ಪಾಟ್ ಮೇಲೆ ಹೋಗಿದ್ದರಿಂದ ಬಂದಿದ್ದು. ಉಳಿದಿದ್ದಕ್ಕೆ ಕಾರಣ ಪ್ರೀಮಿಯಂ ಯಾವ ಕರೆನ್ಸಿಯಲ್ಲಿ ಕಟ್ಟುತ್ತೀರಿ ಅನ್ನೋದು.

ಇಲ್ಲಿ ಡೆಲ್ಟಾದ ಎರಡನೇ ಅರ್ಥ ಬೇಕಾಗುತ್ತದೆ. ನನಗೆ ಕಾಲ್ ಮಾರಿದ ಡೀಲರ್ ತನ್ನ ರಿಸ್ಕ್ ಮುಚ್ಚಿಕೊಳ್ಳಲು ಅಷ್ಟೇ ಭಾಗ ಯೂರೋ ಕೊಂಡಿಟ್ಟುಕೊಳ್ಳುತ್ತಾನೆ. ಸ್ಪಾಟ್ 1.1000 ಇದ್ದಾಗ ನನ್ನ ಆಪ್ಷನ್‌ನ ಮಾಮೂಲಿ ಡೆಲ್ಟಾ ಸುಮಾರು 50.6, ಅಂದರೆ 5,06,000 ಯೂರೋ ಬೇಕು. ಆದರೆ ನಾನು ಪ್ರೀಮಿಯಂ ಯೂರೋದಲ್ಲೇ ಕೊಟ್ಟರೆ 16,100 ಯೂರೋ ಅವನ ಕೈಗೆ ಬಂದೇ ಬಿಡುತ್ತದೆ. ಇನ್ನು ಕೊಳ್ಳಬೇಕಾದ್ದು ಸುಮಾರು 4,90,000. ಅದೇ 49. ಮಾಮೂಲಿ ಡೆಲ್ಟಾದಿಂದ ಪ್ರೀಮಿಯಂ ಶೇಕಡಾ ಕಳೆದರೆ ಸಿಗುವ ಡೆಲ್ಟಾ ಇದು, ಮಾರುಕಟ್ಟೆಯವರು ಪ್ರೀಮಿಯಂ ಅಡ್ಜಸ್ಟೆಡ್ ಅನ್ನುತ್ತಾರೆ. ಯೂರೋ-ಡಾಲರ್‌ನಲ್ಲಿ ಡೀಲರ್‌ಗಳ ನಡುವೆ ಪ್ರೀಮಿಯಂ ಡಾಲರ್‌ನಲ್ಲಿ ನಡೆಯುವುದೇ ರೂಢಿ, ಹಾಗಾಗಿ ಕಳೆಯದ ಡೆಲ್ಟಾ. ಡಾಲರ್-ಯೆನ್‌ನಲ್ಲಿ ಪ್ರೀಮಿಯಂ ಡಾಲರ್‌ನಲ್ಲೇ, ಆದರೆ ಅಲ್ಲಿ ಡಾಲರ್ ಮೊದಲನೇ ಕರೆನ್ಸಿ, ಹಾಗಾಗಿ ಕಳೆದ ಡೆಲ್ಟಾ. '25 ಡೆಲ್ಟಾ ಕಾಲ್ ಕೊಡಿ' ಅಂತ ಡೆಲ್ಟಾ ಹೇಳಿ ಕೇಳುವವರು ಇದನ್ನು ನೋಡಿಕೊಳ್ಳಬೇಕು. ಎರಡು ಲೆಕ್ಕಕ್ಕೆ ಎರಡು ಬೇರೆ ಸ್ಟ್ರೈಕ್ ಬರುತ್ತವೆ, ಪ್ರೀಮಿಯಂ ಹೋಲಿಸುವುದರಲ್ಲಿ ಅರ್ಥವೇ ಇರುವುದಿಲ್ಲ. ನಾನು ಸ್ಟ್ರೈಕ್ ಹೇಳಿಯೇ ಕೇಳುತ್ತೇನೆ, ತಲೆನೋವು ಕಡಿಮೆ.

ಇಷ್ಟಾದ ಮೇಲೆ B ಕಡೆಯಿಂದ ಇನ್ನೊಂದು ಆಯ್ಕೆ ಬಂತು. "ಸರ್, ಪ್ರೀಮಿಯಂ ಜಾಸ್ತಿ ಅನ್ನಿಸಿದರೆ 1.1350 ಸ್ಟ್ರೈಕ್ ತಗೊಳ್ಳಿ, 73 ಪಿಪ್, ಡೆಲ್ಟಾ 27." 182 ಎಲ್ಲಿ, 73 ಎಲ್ಲಿ. ಯೂರೋ ಶೇಕಡಾದಲ್ಲಿ 0.66, ಅದನ್ನೇ ಡಾಲರ್ ಶೇಕಡಾದಲ್ಲಿ ಬರೆದರೆ 0.64. (ಮೇಲೆ ಹೇಳಿದ ವ್ಯತ್ಯಾಸ ಇಲ್ಲಿ ಕಾಣುತ್ತದೆ ನೋಡಿ. ಬೆಲೆ ಒಂದೇ, 0.64 ಅಂತ ಬರೆದವರು ಅಗ್ಗದವರಂತೆ ಕಾಣುತ್ತಾರೆ.)

ಡೆಲ್ಟಾ 27 ಅಂದರೆ ಈ ಆಪ್ಷನ್ ಕೊನೆಗೆ ಕೆಲಸಕ್ಕೆ ಬರುವ ಸಾಧ್ಯತೆ 27% ಅಂತ ತುಂಬಾ ಜನ ಓದುತ್ತಾರೆ. ಮೂರು ತಿಂಗಳ ಅವಧಿಗೆ ಒರಟು ಅಂದಾಜಾಗಿ ಪರವಾಗಿಲ್ಲ, ನಿಜವಾದ ಲೆಕ್ಕ ಒಂದು ಅಂಕಿಯಷ್ಟು ಕೆಳಗೆ ಬರುತ್ತದೆ. ಆದರೆ ಅದು ದರದೊಳಗೆ ಅಡಗಿರುವ ಸಾಧ್ಯತೆಯೇ ಹೊರತು ಯಾರ ಭವಿಷ್ಯವಾಣಿಯೂ ಅಲ್ಲ. ಅವಧಿ ಒಂದೆರಡು ವರ್ಷಕ್ಕೆ ಹೋದರೆ ಈ ಎರಡು ಅಂಕಿಗಳ ಅಂತರವೂ ದೊಡ್ಡದಾಗುತ್ತದೆ, ಆಗ ಹಾಗೆ ಓದಲೇಬಾರದು.

ನಾನು ಸಾಧ್ಯತೆ ಬಿಟ್ಟು ಕೈಯಿಂದ ಹೋಗುವ ದುಡ್ಡು ನೋಡಿದೆ. ಅತಿ ಕೆಟ್ಟ ಪರಿಸ್ಥಿತಿಯಲ್ಲಿ ಒಂದು ಯೂರೋಗೆ ನಾವು ಕೊಡುವುದು ಸ್ಟ್ರೈಕ್ ಮತ್ತು ಪ್ರೀಮಿಯಂ ಸೇರಿ. ಮೊದಲನೆಯದಕ್ಕೆ 1.1055 ಮತ್ತು 0.0182, ಒಟ್ಟು 1.1237. ಎರಡನೆಯದಕ್ಕೆ 1.1350 ಮತ್ತು 0.0073, ಒಟ್ಟು 1.1423. ಪ್ರೀಮಿಯಂನಲ್ಲಿ 109 ಪಿಪ್ ಉಳಿಸಿ, ಯೂರೋ ಜೋರಾಗಿ ಏರಿದರೆ 186 ಪಿಪ್ ಜಾಸ್ತಿ ಕೊಡುವುದು ಅಂತ ಆಯಿತು. ಎರಡೂ ಸಮ ಆಗುವ ಜಾಗ 1.1055ರ ಮೇಲೆ 109 ಪಿಪ್, ಅಂದರೆ 1.1164. ಕೊನೆಯ ದಿನ ಸ್ಪಾಟ್ ಅದಕ್ಕಿಂತ ಕೆಳಗಿದ್ದರೆ 73 ಪಿಪ್‌ನದ್ದು ಗೆಲ್ಲುತ್ತದೆ, ಮೇಲಿದ್ದರೆ 182ರದ್ದು.

ಯಂತ್ರದ ಬಜೆಟ್‌ನಲ್ಲಿ ಯೂರೋಗೆ 1.1250 ಅಂತ ಹಾಕಿಕೊಂಡಿದ್ದೆವು. 1.1423 ಬಂದರೆ ಬಜೆಟ್ ಒಡೆದುಹೋಗುತ್ತದೆ. ಅಗ್ಗದ್ದು ನಿಜವಾಗಿ ಅಗ್ಗವೇ ಇರಬಹುದು, ಆದರೆ ನಮಗೆ ಬೇಕಾದ ಎತ್ತರದಲ್ಲಿ ಅದರ ಕೊಡೆ ಬಿಚ್ಚಿಕೊಳ್ಳುವುದೇ ಇಲ್ಲ. B ಹತ್ತಿರ 1.1055 ತೆಗೆದುಕೊಂಡೆ, 18,200 ಡಾಲರ್, ಎರಡು ಕೆಲಸದ ದಿನ ಬಿಟ್ಟು ಕಟ್ಟಿದ್ದಾಯಿತು.

ಆರ್ಡರ್ ಖಚಿತ ಆಯಿತು. ಕೊನೆಯ ದಿನ ಸ್ಪಾಟ್ 1.1090. ಆಪ್ಷನ್‌ನಿಂದ ಸಿಕ್ಕಿದ್ದು 35 ಪಿಪ್, ಕೊಟ್ಟಿದ್ದು 182. 73 ಪಿಪ್‌ನದ್ದು ತೆಗೆದುಕೊಂಡಿದ್ದರೆ ಅದು ಪೂರ್ತಿ ಕೈಬಿಟ್ಟು ಹೋಗುತ್ತಿತ್ತು, ಆದರೂ ಒಟ್ಟು 7,400 ಡಾಲರ್ ಕಡಿಮೆ ಖರ್ಚಾಗುತ್ತಿತ್ತು. ನಮ್ಮ ಮ್ಯಾನೇಜರ್ ಇದನ್ನೇ ಹಿಡಿದು "ಹಾಗಾದ್ರೆ ನಾವು ತಪ್ಪು ತಗೊಂಡ್ವಿ, ಅಲ್ವಾ?" ಅಂದರು. ನಾನು ಬಜೆಟ್ ಹಾಳೆ ತೆಗೆದು 1.1250 ಮತ್ತು 1.1237 ಎರಡನ್ನೂ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, "ಮುಂದಿನ ಸಲ ಎರಡರದ್ದೂ ಲೆಕ್ಕ ಮೊದಲೇ ನನ್ನ ಮುಂದೆ ಇಡಿ" ಅಂದರು.