‘ಕ್ಲಿಕ್’ ಆಗದ ಕ್ಲಿಕ್: ಒಂದು ಟ್ಯೂಷನ್ ಸ್ಲೋಗನ್, ಮಲಯ್‌ನಲ್ಲಿ ನಾಲ್ಕು ಪ್ರಯತ್ನ

ಕ್ವಾಲಾಲಂಪುರಕ್ಕೆ ಅಂಟಿಕೊಂಡಿರುವ ಪೆಟಾಲಿಂಗ್ ಜಯಾದಲ್ಲಿ ಒಂದು ಚಿಕ್ಕ ಟ್ಯೂಷನ್ ಸೆಂಟರ್ ಇದೆ. ಕೆಳಗೆ ಊಟದ ಅಂಗಡಿ, ಮೇಲೆ ಎರಡು ಕೋಣೆ. ಗಣಿತ ಬಿಟ್ಟು ಬೇರೇನೂ ಹೇಳಿಕೊಡುವುದಿಲ್ಲ. ಅವರ ಇಂಗ್ಲಿಷ್ ಸ್ಲೋಗನ್ ‘ವೇರ್ ಮ್ಯಾಥ್ಸ್ ಕ್ಲಿಕ್ಸ್’. ಮೂರು ಪದ, ಮೂರೇ ಉಸಿರು. ಇದನ್ನು ಮಲಯ್‌ಗೆ ತರುವ ಕೆಲಸ ನನಗೆ ಬಂತು. ಪದಕ್ಕಿಷ್ಟು ಅಂತ ರೇಟು ಹಾಕಿದ್ದರೆ ಒಂದು ಲೋಟ ತೇ ತಾರಿಕ್ ಚಹಾಕ್ಕೂ ಸಾಲುತ್ತಿರಲಿಲ್ಲ. ಇಂಥ ಕೆಲಸಕ್ಕೆ ನಾವು ಗಂಟೆ ಲೆಕ್ಕ ಹಿಡಿಯುವುದು. ಇದನ್ನು ಟ್ರಾನ್ಸ್‌ಕ್ರಿಯೇಶನ್ ಅಂತ ಕರೆಯುತ್ತಾರೆ. ಪದ ಬಿಟ್ಟುಹೋದರೂ ಪರವಾಗಿಲ್ಲ, ಓದಿದವರ ಮೇಲೆ ಆಗುವ ಪರಿಣಾಮ ಅದೇ ಇರಬೇಕು.

ನನ್ನ ಮಲಯ್ ಇಲ್ಲಿ ಬಂದ ಮೇಲೆ ಕಲಿತದ್ದು. ಆದ್ದರಿಂದ ಜೊತೆಗೆ ಒಬ್ಬ ನಿವೃತ್ತ ಮೇಡಂ ಇದ್ದರು. ಇಲ್ಲಿ ಟೀಚರ್ ಅಂದರೆ ‘ಚಿಕ್‌ಗು’. ನಿವೃತ್ತರಾದರೂ ಆ ಹೆಸರು ಹೋಗುವುದಿಲ್ಲ. ನಾವಿಬ್ಬರೂ ಕೂತು ನಾಲ್ಕು ಸಾಲು ತಯಾರಿಸಿದೆವು. ಪ್ರತಿಯೊಂದನ್ನೂ ಎ4 ಹಾಳೆಯಲ್ಲಿ ದೊಡ್ಡದಾಗಿ ಪ್ರಿಂಟ್ ಮಾಡಿ, ಸೆಂಟರಿನ ಮೆಟ್ಟಿಲ ಪಕ್ಕ ಒಂದೊಂದು ಸಂಜೆ ಒಂದೊಂದನ್ನು ಅಂಟಿಸಿದೆವು. ಮಕ್ಕಳನ್ನು ಬಿಡಲು ಬಂದ ಅಪ್ಪ ಅಮ್ಮಂದಿರಲ್ಲಿ ‘ಇದು ಚೆನ್ನಾಗಿದೆಯಾ?’ ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಬದಲಿಗೆ ‘ಈ ಸಾಲು ಯಾವ ಅಂಗಡಿಯದ್ದು ಅನ್ಸತ್ತೆ?’ ಎಂದು ಕೇಳಿದೆವು. ಮುಂದಿನ ಕ್ಲಾಸಿಗೆ ಬಂದಾಗ, ಹಾಳೆ ತೆಗೆದ ಮೇಲೆ, ‘ಮೊನ್ನೆ ಇಲ್ಲಿ ಏನು ಬರೆದಿತ್ತು?’ ಎಂದು ಕೇಳಿದೆವು. ಇಷ್ಟೇ ಪರೀಕ್ಷೆ.

ಮೊದಲನೆಯದು ಪದಕ್ಕೆ ಪದ: ‘ದಿ ಮಾನಾ ಮಾತೆಮಾತಿಕ್ ಕ್ಲಿಕ್’. ಇದು ಸೋಲುತ್ತೆ ಅಂತ ಗೊತ್ತಿತ್ತು. ಆದರೂ ಅಂಟಿಸಿದೆ, ಯಾಕಂದರೆ ಸೆಂಟರಿನ ಮಾಲೀಕರು ‘ಇಷ್ಟು ಸುಲಭದ್ದಕ್ಕೆ ಯಾಕೆ ತಲೆ ಕೆಡಿಸಿಕೊಳ್ತೀರಿ?’ ಎಂದಿದ್ದರು. ಇದರಲ್ಲಿ ಎರಡು ಕಡೆ ಏಟು ಬಿದ್ದಿದೆ. ‘ದಿ ಮಾನಾ’ ಅಂದರೆ ‘ಎಲ್ಲಿ?’ ಅನ್ನುವ ಪ್ರಶ್ನೆ. ಇಂಗ್ಲಿಷಿನ ‘ವೇರ್’ ಥರ ಎರಡು ಮಾತನ್ನು ಜೋಡಿಸಲು ಅದನ್ನು ಬಳಸುವವರು ಬೇಕಾದಷ್ಟು ಜನ ಇದ್ದಾರೆ, ಆದರೆ ವ್ಯಾಕರಣದ ಮೇಷ್ಟ್ರುಗಳಿಗೆ ಅದು ಕಂಡರಾಗದು. ಚಿಕ್‌ಗು ಆ ಎರಡು ಪದದ ಕೆಳಗೆ ಕೆಂಪು ಗೆರೆ ಎಳೆದರು, ಅಭ್ಯಾಸಬಲ. ಹಾಗೆ ಜೋಡಿಸಬೇಕಾದ ಕಡೆ ‘ತೆಂಪಾತ್’, ಅಂದರೆ ‘ಜಾಗ’, ಅನ್ನಬೇಕಂತೆ. ಇನ್ನು ‘ಕ್ಲಿಕ್’. ಇಂಗ್ಲಿಷಿನಲ್ಲಿ ಚಿಲಕ ಸರಿಯಾಗಿ ಕೂತಾಗ ಬರುವ ಸದ್ದು ಅದು, ಅದರಿಂದಲೇ ‘ಥಟ್ಟನೆ ಹೊಳೆಯಿತು’ ಅನ್ನುವ ಅರ್ಥ. ಮಲಯ್‌ನಲ್ಲಿ ಆ ಪದ ಮೌಸಿನ ಜೊತೆ ಬಂದು ಮೌಸಿನ ಹತ್ತಿರವೇ ಉಳಿಯಿತು. ‘ಕ್ಲಿಕ್ ದಿ ಸಿನಿ’, ಇಲ್ಲಿ ಒತ್ತಿ, ಅಷ್ಟೇ. ಒಬ್ಬ ತಂದೆ ಹಾಳೆ ನೋಡಿ ‘ಕ್ಯೂಆರ್ ಕೋಡ್ ಎಲ್ಲಿ?’ ಎಂದು ಕೇಳಿದರು. ಅವರಿಗೆ ಅದು ‘ಗಣಿತ ಎಲ್ಲಿ ಒತ್ತಬೇಕು?’ ಅಂತ ಕಂಡಿತ್ತು.

ಎರಡನೆಯದು ಅರ್ಥಾನುವಾದ: ‘ತೆಂಪಾತ್ ಮಾತೆಮಾತಿಕ್ ಮುದಾಹ್ ದಿಫಾಹಾಮಿ’. ಗಣಿತ ಸುಲಭವಾಗಿ ಅರ್ಥವಾಗುವ ಜಾಗ. ಮಲಯ್ ಶುದ್ಧ, ಚಿಕ್‌ಗು ಕೆಂಪು ಪೆನ್ ತೆಗೆಯಲೇ ಇಲ್ಲ. ಏನು ಅಂಗಡಿ ಅಂತ ಕೇಳಿದರೆ ಎಲ್ಲರೂ ಸರಿಯಾಗಿ ಹೇಳಿದರು. ಮುಂದಿನ ಸಲ ಕೇಳಿದಾಗ ಒಬ್ಬರಿಗೂ ನೆನಪಿಲ್ಲ. ಹೇಗೆ ನೆನಪಿರುತ್ತೆ ಹೇಳಿ? ಮೂರು ಉಚ್ಚಾರದ ಇಂಗ್ಲಿಷ್ ಇಲ್ಲಿ ಹನ್ನೆರಡಾಗಿದೆ. ಕೊನೆಯ ‘ದಿಫಾಹಾಮಿ’ ನಮ್ಮ ‘ಅರ್ಥೈಸಿಕೊಳ್ಳಲಾಗುತ್ತದೆ’ಯ ಅಣ್ಣ, ಸರ್ಕಾರಿ ಸುತ್ತೋಲೆಯ ವಾಸನೆ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಮೂಲದಲ್ಲಿ ಒಂದು ಗಳಿಗೆ ಇತ್ತು, ಗೊತ್ತಾಗದೆ ಇದ್ದದ್ದು ಫಕ್ಕನೆ ಗೊತ್ತಾಗುವ ಗಳಿಗೆ. ಇಲ್ಲಿ ಉಳಿದದ್ದು ಒಂದು ವಿಳಾಸ.

ಮೂರನೆಯದರ ಮೇಲೆ ನನಗೇ ಪ್ರೀತಿ ಇತ್ತು: ‘ಹಾತಿ ತೆರಾಂಗ್, ಮಾತೆಮಾತಿಕ್ ಸೆನಾಂಗ್’. ಪ್ರಾಸ ನೋಡಿ, ತೆರಾಂಗ್–ಸೆನಾಂಗ್. ಪಾಂತುನ್ ಎಂಬ ಪ್ರಾಸದ ಪದ್ಯ ಹೇಳಿ ಬೆಳೆದ ಜನಕ್ಕೆ ಇಂಥದ್ದು ಬಾಯಲ್ಲಿ ತಾನೇ ನಿಲ್ಲುತ್ತೆ. ‘ಸೆನಾಂಗ್’ ಅಂದರೆ ಇಲ್ಲಿ ಸುಲಭ (ಇಂಡೋನೇಷ್ಯಾದಲ್ಲಿ ಅದೇ ಪದಕ್ಕೆ ಖುಷಿ ಅಂತ ಅರ್ಥ). ‘ಹಾತಿ’ ಅಂದರೆ ಅಕ್ಷರಶಃ ಯಕೃತ್ತು. ನಾವು ಮನಸ್ಸು ಅನ್ನುವ ಕಡೆ ಅವರು ಅದನ್ನು ಹೇಳುತ್ತಾರೆ. ‘ತೆರಾಂಗ್’ ಬೆಳಕು. ಓದಿದ್ದು ಬೇಗ ಹತ್ತುವ ಮಗುವಿಗೆ ‘ತೆರಾಂಗ್ ಹಾತಿ’ ಅನ್ನುತ್ತಾರೆ. ನಮ್ಮಲ್ಲಿ ತಲೆ ಓಡಬೇಕು, ಅವರಲ್ಲಿ ಹಾತಿ ಬೆಳಗಬೇಕು.

ಆದರೆ ಆ ಬೆಳಕಿಗೆ ಬೇರೊಂದು ಮನೆ ಇದೆ ಅನ್ನುವುದನ್ನು ನಾನು ಹಗುರವಾಗಿ ತೆಗೆದುಕೊಂಡಿದ್ದೆ. ಮುಸ್ಲಿಂ ಮಕ್ಕಳು ಓದಲು ಕೂರುವ ಮುಂಚೆ ‘ದೋಆ ಪೆನೆರಾಂಗ್ ಹಾತಿ’ ಎಂಬ ಪ್ರಾರ್ಥನೆ ಹೇಳುತ್ತಾರೆ. ಪರೀಕ್ಷೆ ಹತ್ತಿರ ಬಂದರೆ ‘ಪೆನೆರಾಂಗ್ ಹಾತಿ’ ಅಂತ ಒಣದ್ರಾಕ್ಷಿ ಪ್ಯಾಕೆಟ್ ಕೂಡ ಮಾರುತ್ತಾರೆ. ಹಾಳೆ ನೋಡಿದ ಒಬ್ಬ ತಾಯಿ ‘ಕಿಸ್ಮಿಸ್ ಮಾರ್ತೀರಾ?’ ಎಂದರು, ತಮಾಷೆಗಲ್ಲ. ಇನ್ನೊಬ್ಬರು ಧಾರ್ಮಿಕ ಕ್ಲಾಸ್ ಅಂದುಕೊಂಡರು. ಈ ಸೆಂಟರಿಗೆ ಮಲಯ್, ಚೀನೀ, ತಮಿಳು ಎಲ್ಲ ಮನೆಗಳ ಮಕ್ಕಳೂ ಬರುತ್ತಾರೆ. ಜೊತೆಗೆ, ಪ್ರಾರ್ಥನೆಯಲ್ಲಿ ಬೇಡಿಕೊಳ್ಳುವುದನ್ನು ತಿಂಗಳ ಫೀಸಿಗೆ ಕೊಡುತ್ತೇವೆ ಅನ್ನುವ ಧ್ವನಿ ಬರುವುದು ಚಿಕ್‌ಗು ಅವರಿಗೆ ಸರಿಬರಲಿಲ್ಲ. ‘ದಿಕ್,’ ಎಂದರು (ತಮ್ಮಾ ಅನ್ನುವಂತೆ), ‘ಇದು ಸುಳ್ಳಲ್ಲ, ಆದರೆ ನಿಮ್ಮದಲ್ಲ.’ ಮಾಲೀಕರಿಗೆ ಇದೇ ಜಾಸ್ತಿ ಇಷ್ಟವಾಗಿತ್ತು. ಮಾರನೇ ಸಲ ಎಲ್ಲರಿಗೂ ನೆನಪೂ ಇತ್ತು. ಆದರೂ ಬಿಟ್ಟೆವು. ಸ್ಥಳೀಯ ನುಡಿಗಟ್ಟು ಹುಡುಕಿ ಹಾಕಿದ ಕೂಡಲೇ ಕೆಲಸ ಮುಗಿಯಿತು ಅಂದುಕೊಳ್ಳುವವರು ಎಡವುವುದು ಇಂಥ ಕಡೆಯೇ.

ನಡುವೆ ಒಂದು ಗಾದೆಯೂ ಬಂದು ಹೋಯಿತು: ‘ಮೆಲೆಂತುರ್ ಬುಲುಹ್ ಬಿಯಾರ್ಲಾಹ್ ದಾರಿ ರೆಬುಂಗ್ಞ’. ಬಿದಿರನ್ನು ಬಗ್ಗಿಸುವುದಾದರೆ ಕಳಲೆ ಇದ್ದಾಗಲೇ ಬಗ್ಗಿಸು. ನಮ್ಮ ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ಯ ಅವಳಿ, ನೋಡಿ ಪುಳಕವಾಯಿತು. ಆದರೆ ಅದು ಶಿಸ್ತಿನ ಮಾತು, ಹೊಳೆಯುವ ಮಾತಲ್ಲ. ಅದಕ್ಕೆ ಹಾಳೆ ಖರ್ಚು ಮಾಡಲಿಲ್ಲ.

ನಾಲ್ಕನೆಯದು ಹುಟ್ಟಿದ್ದು ಕ್ಲಾಸ್‌ರೂಮಿನ ಬಾಗಿಲಲ್ಲಿ. ಆ ಹೊತ್ತಿಗೆ ನಾನು ಪದಗಳನ್ನು ಬಿಟ್ಟು, ಲೆಕ್ಕ ಅರ್ಥವಾದಾಗ ಮಕ್ಕಳು ಬಾಯಲ್ಲಿ ಏನು ಅನ್ನುತ್ತಾರೆ ಅಂತ ಕೇಳಿಸಿಕೊಳ್ಳಲು ಕೂತಿದ್ದೆ. ಫಾರ್ಮ್ ಟೂ, ಅಂದರೆ ನಮ್ಮ ಎಂಟನೇ ಕ್ಲಾಸಿನ ಹುಡುಗಿ ಒಬ್ಬಳು ಬ್ರಾಕೆಟ್ ಬಿಡಿಸುತ್ತಿದ್ದಳು. ಮೈನಸ್ ಹೊರಗಿದ್ದರೆ ಒಳಗಿನ ಎರಡೂ ಚಿಹ್ನೆ ಬದಲಾಗಬೇಕು ಅನ್ನುವುದನ್ನು ಮೇಷ್ಟ್ರು ಮೂರನೇ ಸಲ ತೋರಿಸಿದರು. ಅವಳು ಪೆನ್ಸಿಲ್ ಎತ್ತಿ ಹಿಡಿದು ‘ಓಓಓ… ಮಾಚಾಮ್ ತು ರುಪಾಞ!’ ಎಂದಳು. ಓಹೋ, ಹೀಗಾ ಇದು!

ಇಲ್ಲಿ ಜೀವ ಇರುವುದು ‘ರುಪಾಞ’ದಲ್ಲಿ. (ನಮ್ಮ ವರ್ಣಮಾಲೆಯಲ್ಲಿ ಸುಮ್ನೆ ಕೂತಿರುವ ಞಗೆ ಕೊನೆಗೂ ಒಂದು ಕೆಲಸ ಸಿಕ್ಕಿತು.) ‘ರುಪಾ’ ನಮ್ಮ ರೂಪವೇ, ಸಂಸ್ಕೃತದಿಂದ ಹೋದದ್ದು. ‘ಞ’ ಅಂದರೆ ‘ಅದರ’. ಆದರೆ ಮಾತಿನಲ್ಲಿ ‘ಅದರ ರೂಪ’ ಅಂತ ಯಾರೂ ಯೋಚಿಸುವುದಿಲ್ಲ. ಇಲ್ಲಿಯವರೆಗೆ ಬೇರೆ ಥರ ಅಂದುಕೊಂಡಿದ್ದೆ, ಈಗ ನಿಜ ಕಂಡಿತು ಅನ್ನುವುದಕ್ಕೆ ಈ ಒಂದು ಪದ ಸಾಕು. ಇಂಗ್ಲಿಷಿನ ‘ಕ್ಲಿಕ್’ ಮಾಡುತ್ತಿದ್ದ ಕೆಲಸವೂ ಇದೇ ಅಲ್ವಾ? ಅಲ್ಲಿ ಸದ್ದು, ಇಲ್ಲಿ ಉದ್ಗಾರ. ಇನ್ನೊಂದು ಬದಲಾವಣೆಯೂ ಆಯಿತು. ಮೂಲದಲ್ಲಿ ಮಾತಾಡುತ್ತಿದ್ದದ್ದು ಸೆಂಟರ್, ಇಲ್ಲಿ ಮಾತಾಡುವುದು ಮಗು.

‘ಮಾಚಾಮ್ ತು’ ಅನ್ನುವುದು ಆಡುಮಾತು, ‘ಇತು’ ಸವೆದು ‘ತು’ ಆಗಿದೆ. ಬೋರ್ಡಿಗೆ ಹಾಕುವಾಗ ಅಲ್ಲೇ ತೊಡಕು. ಇಲ್ಲಿ ಅಂಗಡಿ ಬೋರ್ಡಿನಲ್ಲಿ ಮಲಯ್ ಇರಬೇಕು, ಅದು ಸರಿಯಾದ ಮಲಯ್ ಕೂಡ ಆಗಿರಬೇಕು. ಅದನ್ನು ನೋಡುವುದು ದೇವಾನ್ ಬಹಾಸಾ ದಾನ್ ಪುಸ್ತಾಕಾ, 1956ರಲ್ಲಿ ಶುರುವಾದ ಭಾಷಾ ಸಂಸ್ಥೆ. ಹೆಸರಿನಲ್ಲೇ ಭಾಷೆ ಇದೆ, ಪುಸ್ತಕ ಇದೆ. ಹಾಗಾಗಿ ಬೋರ್ಡಿಗೆ ‘ಓ, ಬೆಗಿತು ರುಪಾಞ!’ ಎಂದು ಶಿಷ್ಟ ರೂಪ ಇಟ್ಟೆವು. ಉಚ್ಚಾರ ಏಳು. ಕೆಳಗೆ ಚಿಕ್ಕ ಅಕ್ಷರದಲ್ಲಿ ‘ಕೆಲಾಸ್ ತಾಂಬಾಹಾನ್ ಮಾತೆಮಾತಿಕ್’, ಗಣಿತದ ಹೆಚ್ಚುವರಿ ಕ್ಲಾಸ್. ಮೂಲದಲ್ಲಿದ್ದ ‘ಮ್ಯಾಥ್ಸ್’ ಸ್ಲೋಗನ್‌ನಿಂದ ಇಳಿದು ಅಡಿಸಾಲಿಗೆ ಹೋಯಿತು. ನಾಲ್ಕು ಉಚ್ಚಾರದ ‘ಮಾತೆಮಾತಿಕ್’ ಎಲ್ಲಿ ಕೂತರೂ ಸಾಲು ಭಾರವಾಗುತ್ತಿತ್ತು. ಪಾಂಪ್ಲೆಟ್ಟಿಗೆ ಮತ್ತು ವಾಟ್ಸ್ಆ್ಯಪ್ ವಾಯ್ಸ್ ಮೆಸೇಜಿಗೆ ಮಾತ್ರ ಹುಡುಗಿಯ ‘ಮಾಚಾಮ್ ತು’ ಹಾಗೇ ಉಳಿಯಿತು.

ಪರೀಕ್ಷೆಯಲ್ಲಿ ಇದರ ಫಲಿತಾಂಶ ಮಜವಾಗಿತ್ತು. ಅಡಿಸಾಲು ಮುಚ್ಚಿ ತೋರಿಸಿದರೆ ಯಾವ ಅಂಗಡಿ ಅಂತ ಯಾರಿಗೂ ಗೊತ್ತಾಗಲಿಲ್ಲ, ಅಂದರೆ ಎರಡನೆಯದಕ್ಕಿಂತ ಕಡೆ. ಅಡಿಸಾಲು ತೆರೆದಾಗ ಸುಮಾರು ಜನ ನಕ್ಕರು. ಮುಂದಿನ ಸಲ ‘ಏನು ಬರೆದಿತ್ತು?’ ಅಂದರೆ ಸಾಲನ್ನು ಓದಿ ಹೇಳಲಿಲ್ಲ, ಮಕ್ಕಳ ರಾಗದಲ್ಲಿ ಅಂದು ತೋರಿಸಿದರು. ಎಳೆದ ‘ಓಓಓ’ ಸಮೇತ. ಮೂರನೆಯದನ್ನು ನೆನಪಿಟ್ಟವರು ಪ್ರಾಸವನ್ನು ನೆನಪಿಟ್ಟಿದ್ದರು, ಇದನ್ನು ನೆನಪಿಟ್ಟವರು ಆ ಗಳಿಗೆಯನ್ನು. ನನ್ನ ಓಟು ಇದಕ್ಕೇ ಬಿತ್ತು.

ಮಾಲೀಕರಿಗೆ ನಾಲ್ಕನ್ನೂ ಒಪ್ಪಿಸುವಾಗ ಪ್ರತಿಯೊಂದರ ಪಕ್ಕ ಇಂಗ್ಲಿಷಿಗೆ ತಿರುಗಿಸಿದ ಅರ್ಥವನ್ನೂ, ಯಾಕೆ ಹೀಗೆ ಅನ್ನುವ ಎರಡು ಸಾಲನ್ನೂ ಬರೆದಿದ್ದೆ. ಹಾಗೆ ತಿರುಗಿಸಿದ ಹಾಳೆಯಲ್ಲಿ ಗೆದ್ದ ಸಾಲು ‘ಓ, ಅದು ಹಾಗಾ’ ಅಂತ ಸಪ್ಪೆಯಾಗಿ ಕಾಣುತ್ತೆ. ಸೋತ ಮೊದಲನೆಯದು ಮೂಲಕ್ಕೆ ಪಡಿಯಚ್ಚು. ಮಲಯ್ ಓದಲು ಬಾರದ ಗಿರಾಕಿ ಬರೀ ಆ ಕಾಲಮ್ ನೋಡಿದರೆ ತಪ್ಪಾದದ್ದನ್ನೇ ಆರಿಸುತ್ತಾನೆ. ಪುಣ್ಯಕ್ಕೆ ಇವರಿಗೆ ಮಲಯ್ ಬರುತ್ತಿತ್ತು. ಚೌಕಾಸಿ ಮಾಡಿದ್ದು ‘ಪಾಸ್ತಿ ಎ!’, ಎ ಗ್ರೇಡ್ ಖಚಿತ, ಅಂತ ಎಲ್ಲಾದರೂ ಸೇರಿಸಿ ಅನ್ನುವುದಕ್ಕೆ ಮಾತ್ರ. ಸೇರಿಸಲಿಲ್ಲ.

ಒಂದು ಕುಂದು ನಾವು ಮೊದಲೇ ನೋಡಬೇಕಿತ್ತು. ‘ರುಪಾಞ’ ಗಾಸಿಪ್ ಹೆಡ್‌ಲೈನುಗಳಿಗೂ ಬಹಳ ಇಷ್ಟದ ಪದ. ಇಂಥ ನಟಿಗೆ ಮದುವೆ ಆಗಿತ್ತಂತೆ, ‘ರುಪಾ-ರುಪಾಞ’ ಅಂತ ಶುರುವಾಗುತ್ತೆ. ಸೆಂಟರಿನವರು ಸ್ಲೋಗನ್ನನ್ನು ವಾಟ್ಸ್ಆ್ಯಪ್ ಪ್ರೊಫೈಲ್ ಚಿತ್ರ ಮಾಡಿಕೊಂಡರು, ದುಂಡಗಿನ ಚೌಕಟ್ಟಿನಲ್ಲಿ ಅಡಿಸಾಲು ಕತ್ತರಿಸಿ ಹೋಯಿತು. ಎರಡೇ ದಿನದಲ್ಲಿ ಯಾರೋ ‘ಏನು ವಿಷಯ? ಯಾರದ್ದು?’ ಎಂದು ಮೆಸೇಜ್ ಹಾಕಿದ್ದರು. ಈಗ ಆ ಚಿತ್ರದಲ್ಲಿ ಸ್ಲೋಗನ್ ಹಿಂದೆ ಅರ್ಧ ಅಳಿಸಿದ ಒಂದು ಬ್ರಾಕೆಟ್ ಲೆಕ್ಕ ಇದೆ, ಮೈನಸ್ ಮಾತ್ರ ಕೆಂಪಿನಲ್ಲಿ.