ಕೊಂಬುಚಾ, ಮಜ್ಜಿಗಿ, ಜ್ವಾಳದ ಅಂಬಲಿ: ಮೂರೂ ಮನ್ಯಾಗ ಮಾಡಿ ಕುಡದ ಮ್ಯಾಲ

ಹುಬ್ಬಳ್ಳಿ-ಧಾರವಾಡದಾಗ ಈಗ ಕೊಂಬುಚಾ ಅನ್ನೋ ಹುಳಿ ಬರಿಸಿದ ಚಾದ ಬಾಟ್ಲಿ ಸಿಗಾಕತ್ತಾವ, ಲಿವರ್ ಡಿಟಾಕ್ಸ್, ಶುಗರ್ ಕಂಟ್ರೋಲ್, ಹೊಟ್ಟಿಗೆ ಪ್ರೋಬಯಾಟಿಕ್ ಅಂದ್ರ ಒಳ್ಳೇದು ಮಾಡೋ ಜೀವಂತ ಬ್ಯಾಕ್ಟೀರಿಯಾ ಅಂತ ಎಲ್ಲಾ ಒಂದರಾಗ ಹೇಳ್ತಾರ. ಅದಕ್ಕ ನಾನು ಕೊಂಬುಚಾ, ಮಜ್ಜಿಗಿ, ಅಂಬಲಿ ಮೂರನ್ನೂ ಮನ್ಯಾಗ ಮಾಡಿ ಕುಡದು ನೋಡಿದೆ, ಜೊತಿಗೆ ಯಾವುದಕ್ಕ ಸಂಶೋಧನೆ ಏನೈತಿ ಅಂತನೂ ಓದಿದೆ.

ಮೊದಲು ಕೊಂಬುಚಾ. ಒಂದು ಲೀಟರ್ ನೀರಿಗೆ ಎರಡು ಚಮಚ ಚಾ ಪುಡಿ, 60-70 ಗ್ರಾಂ ಸಕ್ಕರಿ, ಪೂರ್ತಿ ಆರಿದ ಮ್ಯಾಲ ಸ್ಕೋಬಿ ಅನ್ನೋ ಈಸ್ಟ್, ಬ್ಯಾಕ್ಟೀರಿಯಾ ಕೂಡಿದ ಮೆತ್ತನ ಬಿಳಿ ಪದರು ಮತ್ತ ಹಳೇ ಕೊಂಬುಚಾ 100 ಎಂಎಲ್. ಈ ಹಳೇ ಹುಳಿ ಬಿಡಬ್ಯಾಡ್ರಿ, ಸುರುವಿಗೇ ಚಾ ಹುಳಿ ಆದ್ರ ಬೂಷ್ಟು ಹಿಡಿಯೂದು ಕಮ್ಮಿ ಆಗತೈತಿ. ಗಾಜಿನ ಬರಣಿನೇ ಬೇಕು, ಯಾಕಂದ್ರ ಕೆಲವು ಪಿಂಗಾಣಿ ಬಣ್ಣದಾಗಿನ ಸೀಸ ಆಸಿಡ್‌ಗೆ ಬಿಟ್ಕೋತೈತಿ. ಮ್ಯಾಲ ಅರಿವಿ ಕಟ್ಟಿ ಒಂದು ವಾರ ಇಡೂದು, ನಮ್ಮ ಏಪ್ರಿಲ್ ಬಿಸಲಿಗೆ ಇನ್ನೂ ಬೇಗ ಹುಳಿ ಆಗತೈತಿ. ಹುಳಿ ಅಳಿಯೂ ಪಿಎಚ್ ಪಟ್ಟಿ ಅದ್ದಿ ನೋಡಿದ್ರ 3ರ ಆಸುಪಾಸು ಬರಬೇಕು, 4.2ಕ್ಕಿಂತ ಮ್ಯಾಲ ಇದ್ರ ಕುಡಿಯಬ್ಯಾಡ್ರಿ. ಸ್ಕೋಬಿ ಮ್ಯಾಲ ಒಣಾ, ಕೂದಲಕೂದಲಾಗಿ ಹಸರು ಇಲ್ಲಾ ಕಪ್ಪು ಕಂಡ್ರ ಸ್ಕೋಬಿ ಸಮೇತ ಚೆಲ್ಲೂದು, ಕೆಳಗಿನ ಕಂದು ಬಣ್ಣದ ಎಳಿ ಮಾತ್ರ ಈಸ್ಟ್, ಅದಕ್ಕ ಹೆದರಬ್ಯಾಡ್ರಿ.

ಒಳಗ ಏನು ನಡಿತೈತಿ ಅಂದ್ರ, ಈಸ್ಟ್ ಸಕ್ಕರಿ ತಿಂದು ಆಲ್ಕೋಹಾಲ್ ಮಾಡತೈತಿ, ಬ್ಯಾಕ್ಟೀರಿಯಾ ಅದನ್ನ ಅಸಿಟಿಕ್ ಆಸಿಡ್ ಮಾಡತಾವ, ಅಂದ್ರ ವಿನೆಗರ್‌ನಾಗಿರೋ ಆಸಿಡ್ಡೇ. ಈ ಬ್ಯಾಕ್ಟೀರಿಯಾಕ್ಕ ಗಾಳಿ ಬೇಕು, ನಮ್ಮ ಕರುಳಾಗ ಗಾಳಿ ಇಲ್ಲ, ಹಿಂಗಾಗಿ ಅವು ಅಲ್ಲಿ ಹೋಗಿ ಮನಿ ಮಾಡತಾವ ಅನ್ನೋದು ನಂಬೂವಂಥ ಮಾತಲ್ಲ. ಡಿಟಾಕ್ಸ್ ಮಾತಿಗೆ, ಬ್ಯಾಡಾದ್ದನ್ನ ಮೈಯಿಂದ ಹೊರಗ ಹಾಕಾಕ ನೆರವಾಗೋ ಗ್ಲುಕುರೋನಿಕ್ ಆಸಿಡ್ ಹೆಸರು ಹೇಳ್ತಾರ, ಅದನ್ನ ನಮ್ಮ ಲಿವರ್ ತಾನೇ ಮಾಡಿಕೋತೈತಿ. ಶುಗರ್ ವಿಷಯದಾಗ ಮಾತ್ರ ಒಂದು ಆಶಾ ಐತಿ: 2023ರಾಗ ಪ್ರಕಟ ಆದ ಅಮೆರಿಕಾದ ಟ್ರಯಲ್‌ನಾಗ ಟೈಪ್ 2 ಡಯಾಬಿಟಿಸ್ ಇದ್ದ 12 ಮಂದಿಗೆ ನಾಲ್ಕು ವಾರ ದಿನಾ 240 ಎಂಎಲ್ ಕೊಟ್ಟು ನೋಡಿದಾಗ ಬರಿಹೊಟ್ಟಿ ಶುಗರ್ ಸರಾಸರಿ 164ರಿಂದ 116ಕ್ಕ ಇಳಿದಿತ್ತು. 12 ಮಂದಿ ಅಂದ್ರ ಭಾಳ ಸಣ್ಣ ಟ್ರಯಲ್, ಇದನ್ನ ನಂಬಿ ಗುಳಿಗಿ ಬಿಡೋದು ಅಪಾಯ.

ಇನ್ನ ಮಜ್ಜಿಗಿ. ಹಾಲು ಕುಡದ್ರ ನನಗ ಹೊಟ್ಟಿ ಉಬ್ಬತೈತಿ, ಮೊಸರು ಮಜ್ಜಿಗಿಗೆ ಉಬ್ಬೂದಿಲ್ಲ, ಈ ಫರಕು ನನಗ ಎದ್ದು ಕಂಡಿದ್ದು ಮೂರರಾಗ ಇಲ್ಲೇ. ಇದಕ್ಕ ಕಾರಣ ಗೊತ್ತೈತಿ: ಮೊಸರಿನ ಬ್ಯಾಕ್ಟೀರಿಯಾ ಹಾಲಿನಾಗಿನ ಸಕ್ಕರಿ, ಅಂದ್ರ ಲ್ಯಾಕ್ಟೋಸ್, ಒಂದಿಷ್ಟು ಮೊದಲೇ ತಿಂದಿರತಾವ, ಉಳದದ್ದನ್ನ ಒಡಿಯೂ ಎನ್ಜೈಮ್ ತಮ್ಮ ಹೊಟ್ಟ್ಯಾಗ ಇಟ್ಟುಕೊಂಡು ನಮ್ಮ ಕರುಳಿಗೆ ಬರತಾವ. ಪ್ರೋಬಯಾಟಿಕ್ ಹೆಸರಿನ ಕ್ಲೇಮ್ ಹೆಚ್ಚುಕಡಿಮಿ ಎಲ್ಲಾ ತಳ್ಳಿಹಾಕಿದ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆನೇ 2010ರಾಗ ಇದೊಂದನ್ನ ಒಪ್ಪಿತು, ಗ್ರಾಂಗೆ ಕನಿಷ್ಠ 10 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು ಅನ್ನೋ ಕರಾರಿನ ಮ್ಯಾಲ. ಆ ಕರಾರು ಮೊಸರಿಂದು, ನೀರು ಸುರುವಿದಷ್ಟೂ ಮಜ್ಜಿಗ್ಯಾಗ ಲೆಕ್ಕ ಇಳಿತೈತಿ. ಮಜ್ಜಿಗಿ ಕುದಿಸಿ ಸಾರು ಮಾಡಿದ್ರಂತೂ ಬ್ಯಾಕ್ಟೀರಿಯಾನೂ ಹೋತು, ಎನ್ಜೈಮೂ ಹೋತು.

ಅಂಬಲಿ ಕಥಿ ಬ್ಯಾರೇನೇ ಐತಿ. ನಮ್ಮ ಅವ್ವ ರಾತ್ರಿ ಜ್ವಾಳದ ಹಿಟ್ಟಿಗೆ ಮಜ್ಜಿಗಿ ಹಾಕಿ ಕಲಸಿ ಇಡತಾಳ, ಮುಂಜಾನಿ ಹುಳಿ ಬಂದ ಹಿಟ್ಟನ್ನ ಕುದಿಯೂ ನೀರಿಗೆ ಬಿಟ್ಟು ಗಂಟಾಗದಂಗ ತಿರುವತಾಳ. ಕುದ್ದ ಮ್ಯಾಲ ಒಂದು ಬ್ಯಾಕ್ಟೀರಿಯಾನೂ ಉಳಿಯೂದಿಲ್ಲ ಅಂತನೇ ಹಿಡಕೋರಿ, ಆದ್ರೂ ಅವು ಮಾಡಿದ ಕೆಲಸ ಉಳಿತೈತಿ. ಕಾಳಿನಾಗ ಫೈಟೇಟ್ ಅಂತ ಇರತೈತಿ, ಕಬ್ಬಿಣ, ಸತುವಿನ ಅಂಶ ದೇಹಕ್ಕ ಸೇರದಂಗ ಅದು ಹಿಡದಿಡತೈತಿ. ಹಿಟ್ಟು ಹುಳಿ ಆದಾಗ ಫೈಟೇಟ್ ಒಡಿಯೂ ಎನ್ಜೈಮ್ ಕೆಲಸಕ್ಕ ಹತ್ತತೈತಿ. ಕುದಿಸಿದ್ರ ಒಡದ ಫೈಟೇಟ್ ತಿರಗಿ ಕೂಡೂದಿಲ್ಲ. ಆರಿದ ಮ್ಯಾಲ ಅವ್ವ ಬಳ್ಳೊಳ್ಳಿ, ಜೀರಗಿ, ಉಪ್ಪಿನ ಜೊತಿ ಹಸಿ ಮಜ್ಜಿಗಿ ಹಾಕತಾಳ, ಅಲ್ಲಿ ಜೀವಂತ ಬ್ಯಾಕ್ಟೀರಿಯಾ ಮತ್ತ ಬಂದ್ವು. ಬಿಸಿ ಅಂಬಲಿಗೇ ಮಜ್ಜಿಗಿ ಸುರುವೋರು ಸ್ವಲ್ಪ ತಡೀರಿ, ಬೆರಳು ಇಟ್ರ ಸುಡಬಾರದು.

ಹಿಂಗಾಗಿ ಜೀವಂತ ಬ್ಯಾಕ್ಟೀರಿಯಾ ಬೇಕಂದ್ರ ನನ್ನ ಓಟು ಮಜ್ಜಿಗಿಗೆ, ಹೊಟ್ಟಿ ತುಂಬಬೇಕಂದ್ರ ಅಂಬಲಿಗೆ. ಕೊಂಬುಚಾ ನಾನು ಕೋಲ್ಡ್ರಿಂಕ್ಸ್ ಬದಲಿ ಕುಡಿತೀನಿ, ರುಚಿ ಮನಸಿಗೆ ಹಿಡಿಸೇತಿ, ಹಲ್ಲಿಗೆ ಹುಳಿ ಹತ್ತತೈತಿ ಅಂತ ಆಮ್ಯಾಲ ನೀರು ಮುಕ್ಕಳಿಸ್ತೀನಿ. ಬಸುರಿ ಹೆಣ್ಮಕ್ಕಳು, ರೋಗನಿರೋಧಕ ಶಕ್ತಿ ಕಮ್ಮಿ ಇರೋರು ಮನಿ ಕೊಂಬುಚಾ ಬಿಡೂದೇ ಚಲೋ, ಒಂದಿಷ್ಟು ಆಲ್ಕೋಹಾಲ್ ಅದರಾಗ ಇದ್ದೇ ಇರತೈತಿ. ಅಂಗಡಿ ಬಾಟ್ಲಿ ತಗೊಳ್ಳೋರು ಹಿಂದಿನ ಲೇಬಲ್ ಓದ್ರಿ: ಪಾಶ್ಚರೀಕರಿಸಿದ್ದು ಅಂತ ಇದ್ರ ಅದರಾಗ ಆಸಿಡ್ ಐತಿ, ಜೀವ ಇಲ್ಲ, ಮತ್ತ 100 ಎಂಎಲ್‌ಗೆ ಸಕ್ಕರಿ ಎಷ್ಟು ಗ್ರಾಂ ಅಂತ ಬರದದ್ದನ್ನ ಇಡೀ ಬಾಟ್ಲಿಗೆ ಲೆಕ್ಕ ಹಾಕಿ ನೋಡ್ರಿ.